ಫೋನಿನಲ್ಲಿ ಆದ ಮಾತು

ಕೆಲಸ ಸಿಕ್ಕಾಗ ಬರೆಯುವ ಮೇಲ್ ಸಾಮಾನ್ಯವಾಗಿ ಎರಡೇ ಸಾಲು: ಧನ್ಯವಾದ, ಒಪ್ಪಿದ್ದೇನೆ. ಬೆಂಗಳೂರಿನ ಕಂಪನಿಯೊಂದಕ್ಕೆ ನಾನು ಬರೆದದ್ದು ಅದಕ್ಕಿಂತ ಉದ್ದವಾಯಿತು. ರಿಕ್ರೂಟರ್ ಮೇಡಂ ಫೋನಿನಲ್ಲಿ ಒಪ್ಪಿದ್ದ ಎರಡು ಮಾತು ಆಫರ್ ಲೆಟರಿನಲ್ಲಿ ಇರಲಿಲ್ಲ. ಹಳೆಯ ಕೆಲಸದಲ್ಲಿ ನನಗೆ 60 ದಿನಗಳ ನೋಟಿಸ್ ಪೀರಿಯಡ್ ಇದ್ದುದರಿಂದ ಜೂನ್ 22ಕ್ಕೆ ಸೇರುವುದೆಂದು ಮಾತಾಗಿತ್ತು. ಪತ್ರದಲ್ಲಿ ಜೂನ್ 1 ಎಂದಿತ್ತು. ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಮಂಗಳವಾರ ಮತ್ತು ಶುಕ್ರವಾರ ಮನೆಯಿಂದಲೇ ಕೆಲಸ ಎಂದಿದ್ದರು. ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಇದರಲ್ಲಿ ಮೋಸವೇನೂ ಇಲ್ಲ. ಫೋನ್ ಮಾಡುವವರು ಒಬ್ಬರು, ಸಿದ್ಧ ನಮೂನೆಯಲ್ಲಿ ಪತ್ರ ತಯಾರಿಸುವವರು ಇನ್ನೊಬ್ಬರು. ಆದರೆ ಆ ನಮೂನೆಯ ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಇದಕ್ಕೆ ಮೊದಲಿನ ಬಾಯಿಮಾತುಗಳೆಲ್ಲ ಈ ಪತ್ರದಿಂದ ರದ್ದಾಗುತ್ತವೆ. ಹಾಗಾಗಿ ಸಹಿ ಹಾಕಿ ಆಮೇಲೆ ನೆನಪಿಸಿದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಮೇಲ್ ಸಹಿಗಿಂತ ಮೊದಲೇ ಹೋಗಬೇಕು.

1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಪತ್ರದಲ್ಲಿರುವುದಕ್ಕಿಂತ ಬೇರೆಯದನ್ನು ಸೇರಿಸಿ ಒಪ್ಪಿದರೆ ಅದು ಒಪ್ಪಿಗೆಯಲ್ಲ, ನಮ್ಮ ಕಡೆಯ ಹೊಸ ಪ್ರಸ್ತಾಪ. ಅದಕ್ಕೆ ಅವರು ಹೂಂ ಅನ್ನಲೇಬೇಕು. ಆದ್ದರಿಂದ ಇಂಥ ಮೇಲ್ ಉತ್ತರ ಬೇಡುವಂತಿರಬೇಕು. ಇಂಗ್ಲಿಷಿನಲ್ಲಿ ನಾನು ಬರೆದದ್ದರ ಸಾರ ಇಷ್ಟು:

‘ಈ ಹುದ್ದೆಯನ್ನು ಸಂತೋಷದಿಂದ ಒಪ್ಪುತ್ತೇನೆ. ಏಪ್ರಿಲ್ 10ರಂದು ಫೋನಿನಲ್ಲಿ ಒಪ್ಪಿದಂತೆ ಎರಡು ಅಂಶಗಳನ್ನು ಖಚಿತಪಡಿಸಿಕೊಳ್ಳುತ್ತಿದ್ದೇನೆ. ಒಂದು, ಸೇರುವ ದಿನ ಜೂನ್ 22. ಎರಡು, ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮನೆಯಿಂದ ಕೆಲಸ. ಇವನ್ನು ಸೇರಿಸಿ ತಿದ್ದಿದ ಪತ್ರ ಕಳಿಸಿದ ಕೂಡಲೇ ಸಹಿ ಮಾಡಿ ಕಳಿಸುತ್ತೇನೆ.’

‘ಸಾಧ್ಯವಾದರೆ’, ‘ದಯವಿಟ್ಟು ಪರಿಗಣಿಸಿ’ ಎಂದು ಬರೆಯಲಿಲ್ಲ. ಹಾಗೆ ಬರೆದರೆ ಆಗಲೇ ತೀರ್ಮಾನವಾದದ್ದು ಮತ್ತೆ ಬೇಡಿಕೆಯಾಗುತ್ತದೆ. ರಿಕ್ರೂಟರ್ ಹೊರಗಿನ ಕನ್ಸಲ್ಟೆನ್ಸಿಯವರು, ನಾಳೆ ಬೇರೆಡೆ ಹೋಗಬಹುದು. ಆದ್ದರಿಂದ ಕಂಪನಿಯ ಎಚ್‌ಆರ್ ಅವರನ್ನೂ ಸಿಸಿಯಲ್ಲಿ ಸೇರಿಸಿದೆ.

ಸಂಜೆಗೆ ಬಂದ ಉತ್ತರ ಒಂದೇ ಪದ: ‘ನೋಟೆಡ್’. ಅಂದರೆ ಓದಿದ್ದೇವೆ ಎಂದಷ್ಟೇ, ಒಪ್ಪಿದ್ದೇವೆ ಎಂದಲ್ಲ. ‘ತಿದ್ದಿದ ಪತ್ರ ಯಾವಾಗ ನಿರೀಕ್ಷಿಸಲಿ?’ ಎಂದು ಕೇಳಿದೆ. ‘ಸೇರಿದ ಮೇಲೆ ಮ್ಯಾನೇಜರ್ ಹತ್ತಿರ ಮಾತಾಡಿಕೊಳ್ಳಿ ಸರ್, ಎಲ್ಲರೂ ಹಾಗೇ ಮಾಡೋದು’ ಎಂದು ಮೇಡಂ ಫೋನಿನಲ್ಲಿ ಹೇಳಿದರು. ‘ಪತ್ರ ಕೈಗೆ ಬಂದ ಮೇಲೇ ಇಲ್ಲಿ ರಾಜೀನಾಮೆ ಕೊಡ್ತೀನಿ ಮೇಡಂ’ ಎಂದೆ. ಆ ಕರೆಯ ಸಾರವನ್ನೂ ಎರಡು ಸಾಲಿನ ಮೇಲ್ ಮಾಡಿ ಕಳಿಸಿದೆ.

ನಾಲ್ಕನೆಯ ದಿನ ಹೊಸ ಪತ್ರ ಬಂತು. ದಿನಾಂಕ ಸರಿಯಾಗಿತ್ತು. ಮನೆಯಿಂದ ಕೆಲಸದ ಎರಡು ದಿನಗಳ ಪಕ್ಕದಲ್ಲಿ ಮಾತ್ರ ಹೊಸ ಸಾಲೊಂದಿತ್ತು: ಆರು ತಿಂಗಳ ನಂತರ ಮರುಪರಿಶೀಲನೆ. ಫೋನಿನಲ್ಲಿ ಆ ಮಾತು ಬಂದಿರಲಿಲ್ಲ. ಆದರೂ ಆರು ತಿಂಗಳ ಮಂಗಳವಾರ, ಶುಕ್ರವಾರಗಳು ಕಾಗದದ ಮೇಲೆ ನನ್ನವಾಗಿದ್ದವು. ಸಹಿ ಮಾಡಿ ಕಳಿಸಿ, ಆಮೇಲೆ ರಾಜೀನಾಮೆ ಬರೆದೆ.