ತಪಸ್ಸು ಮಾಡಿದ ರಾಕ್ಷಸ

ನಮ್ಮ ಕತೆಗಳ ರಾಕ್ಷಸರಲ್ಲಿ ಹಲವರು ಓದಿದವರು, ತಪಸ್ಸು ಮಾಡಿದವರು. ರಾವಣ ವೇದ ಬಲ್ಲವ, ಶಿವಭಕ್ತ. ಬಲಿ ದಾನಿ. ಭಸ್ಮಾಸುರನೂ ಶಿವನನ್ನು ಮೆಚ್ಚಿಸಿಯೇ ವರ ಪಡೆದ. ಇವರನ್ನು 'ಕೆಟ್ಟವರು' ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಕತೆಯ ಅರ್ಧ ಭಾಗ ತರಗತಿಯ ಹೊರಗೇ ಉಳಿಯುತ್ತದೆ. ಬೋಧನಾಭ್ಯಾಸದ ಅವಧಿಯಲ್ಲಿ ಉದ್ಯಮಬಾಗದ ಒಂದು ಶಾಲೆಯಲ್ಲಿ ಏಳನೆಯ ತರಗತಿಗೆ ಪ್ರಹ್ಲಾದನ ಕತೆ ಹೇಳುವಾಗ ಇದು ನನಗೆ ಸ್ಪಷ್ಟವಾಯಿತು.

ಈ ಕತೆಯನ್ನೇ ಆರಿಸಲು ಕಾರಣ ಹಲಸಿ. ಖಾನಾಪುರ ತಾಲ್ಲೂಕಿನ ಈ ಊರು ಹಿಂದೆ ಕದಂಬರ ರಾಜಧಾನಿಗಳಲ್ಲಿ ಒಂದಾಗಿತ್ತು. ಅಲ್ಲಿಯ ಭೂವರಾಹ ನರಸಿಂಹ ಗುಡಿಯನ್ನು ಕೆಲವು ಮಕ್ಕಳು ನೋಡಿದ್ದರು. ಗುಡಿಯ ಹೆಸರಿನಲ್ಲೇ ಎರಡು ಅವತಾರಗಳಿವೆ: ವರಾಹ ಕೊಂದದ್ದು ಹಿರಣ್ಯಾಕ್ಷನನ್ನು, ನರಸಿಂಹ ಕೊಂದದ್ದು ಅವನ ಅಣ್ಣ ಹಿರಣ್ಯಕಶಿಪುವನ್ನು.

ತಮ್ಮ ಸತ್ತಾಗ ಹಿರಣ್ಯಕಶಿಪು ಏನು ಮಾಡಿದ ಎಂಬುದನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಭಾಗವತದ ಪ್ರಕಾರ ಅವನು ಅಳುತ್ತಿದ್ದ ತಾಯಿ ದಿತಿಯನ್ನೂ ತಮ್ಮನ ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ಸಮಾಧಾನ ಹೇಳುತ್ತಾನೆ. ಸಾಯುವುದು ದೇಹ, ಆತ್ಮಕ್ಕೆ ಸಾವಿಲ್ಲ ಎಂದು ತಿಳಿಸಿ, ಅದಕ್ಕೊಂದು ದೃಷ್ಟಾಂತದ ಕತೆಯನ್ನೂ ಸೇರಿಸುತ್ತಾನೆ. ಅದು ಒಳ್ಳೆಯ ಪಾಠ. ಕೇಳಿದವರ ದುಃಖ ಇಳಿಯುತ್ತದೆ. ಆಮೇಲೆ ಅದೇ ಮನುಷ್ಯ ಮಂದರ ಪರ್ವತಕ್ಕೆ ಹೋಗಿ, ಕಾಲ್ಬೆರಳ ತುದಿಯ ಮೇಲೆ ನಿಂತು, ಮೈಮೇಲೆ ಹುತ್ತ ಬೆಳೆಯುವವರೆಗೆ ತಪಸ್ಸು ಮಾಡುತ್ತಾನೆ. ಬ್ರಹ್ಮ ಬಂದಾಗ ಬೇಡುವುದು ತನ್ನ ದೇಹಕ್ಕೆ ಸಾವು ಬಾರದಿರಲಿ ಎಂದು.

ಇಷ್ಟು ಹೇಳಿದಾಗ ಒಬ್ಬ ಹುಡುಗಿ ಎದ್ದು ಕೇಳಿದಳು: "ಟೀಚರ್, ಅಂವಾ ಕೆಟ್ಟಾಂವ ಅಂತ ಗೊತ್ತಿದ್ರೂ ದೇವರು ವರಾ ಯಾಕ ಕೊಟ್ಟಾನ್ರೀ?" ನಾನು ಉತ್ತರಿಸುವ ಮೊದಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: "ದುಡದಾನಲ್ಲ, ಪಗಾರ ಕೊಡಬೇಕಲಾ." ಅವನ ತಂದೆ ಅಲ್ಲೇ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುವವರು. ನಾನು ಬರೆದುಕೊಂಡಿದ್ದ ವಿವರಣೆಗಿಂತ ಆ ಮಾತು ನೇರವಾಗಿತ್ತು. ಈ ಕತೆಗಳಲ್ಲಿ ತಪಸ್ಸು ದುಡಿಮೆ, ವರ ಅದರ ಕೂಲಿ. ದುಡಿದವನ ಗುಣ ನೋಡಿ ಕೂಲಿ ತಡೆಹಿಡಿಯುವ ಅಧಿಕಾರ ಬ್ರಹ್ಮನಿಗಿಲ್ಲ. ಆದ್ದರಿಂದ ದೇವತೆಗಳನ್ನೇ ಸೋಲಿಸುವಷ್ಟು ಬಲ ರಾಕ್ಷಸನಿಗೆ ಬರಬೇಕಾದರೆ ಅವನು ಯಾವ ಋಷಿಗೂ ಕಡಿಮೆಯಿಲ್ಲದ ಸಾಧಕನಾಗಿರಲೇಬೇಕು.

ಮುಂದಿನ ಭಾಗಕ್ಕೆ ಕಪ್ಪು ಹಲಗೆಯನ್ನು ಎರಡು ಅಂಕಣ ಮಾಡಿದೆ. ಎಡಗಡೆ ಅವನು ಬೇಡಿದ್ದು: ಒಳಗೆ ಬೇಡ, ಹೊರಗೆ ಬೇಡ, ಹಗಲು ಬೇಡ, ರಾತ್ರಿ ಬೇಡ, ನೆಲದ ಮೇಲೆ ಬೇಡ, ಆಕಾಶದಲ್ಲಿ ಬೇಡ, ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಆಯುಧದಿಂದ ಬೇಡ. ಬಲಗಡೆಯನ್ನು ಮಕ್ಕಳೇ ತುಂಬಿದರು: ಹೊಸ್ತಿಲು, ಮುಸ್ಸಂಜೆ, ತೊಡೆ, ನರಸಿಂಹ, ಉಗುರು. ಹಲಗೆ ತುಂಬಿದ ಮೇಲೆ ಒಂದು ವಿಷಯ ಕಣ್ಣಿಗೆ ಕಾಣುತ್ತದೆ. ನರಸಿಂಹ ವರದ ಒಂದು ಮಾತನ್ನೂ ಮುರಿದಿಲ್ಲ. ಹಿರಣ್ಯಕಶಿಪು ಲೋಕವನ್ನು ಎರಡೆರಡು ಭಾಗ ಮಾಡಿ ಎಲ್ಲ ಬಾಗಿಲು ಮುಚ್ಚಿದೆ ಎಂದುಕೊಂಡ. ಎರಡರ ನಡುವಿನ ಜಾಗ ಅವನ ಲೆಕ್ಕಕ್ಕೆ ಬರಲಿಲ್ಲ. ಅವನು ಸತ್ತದ್ದು ದಡ್ಡತನದಿಂದಲ್ಲ. ತನ್ನ ಜಾಣತನದ ಮೇಲೆ ಪೂರ್ತಿ ನಂಬಿಕೆ ಇಟ್ಟದ್ದರಿಂದ.

ಎಲ್ಲ ರಾಕ್ಷಸರಿಗೂ ಈ ಮಾತು ಹೊಂದುವುದಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇಟ್ಟ ಅಜ್ಜಿಕತೆಯ ರಾಕ್ಷಸ ತಪಸ್ವಿಯಲ್ಲ, ಪಂಡಿತನೂ ಅಲ್ಲ. ಅವನ ಗುಟ್ಟು ಸಿಕ್ಕರೆ ಕತೆ ಮುಗಿಯಿತು. ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: ಇವನಿಗೆ ಬಲ ಎಲ್ಲಿಂದ ಬಂತು? ಬಲವನ್ನು ಗಳಿಸಿದವನಾದರೆ, ಅವನ ಸಾವಿನ ದಾರಿ ಆ ಗಳಿಕೆಯೊಳಗೇ ಇರುತ್ತದೆ. ಭಸ್ಮಾಸುರ ತನ್ನ ಕೈಯಿಂದಲೇ ಸುಟ್ಟುಹೋದದ್ದನ್ನು ನೆನೆಯಿರಿ.

ಮೌಲ್ಯಮಾಪನಕ್ಕೆ 'ಹಿರಣ್ಯಕಶಿಪು ಎಂಥವನು?' ಎಂದು ಕೇಳಿದರೆ 'ದುಷ್ಟ' ಎಂಬ ಒಂದು ಪದದ ಉತ್ತರ ಬರುತ್ತದೆ. ಅದರ ಬದಲು ನಾನು ಕೇಳಿದ್ದು: 'ಅವನು ತಾಯಿಗೆ ಹೇಳಿದ್ದೇನು? ಬ್ರಹ್ಮನಲ್ಲಿ ಬೇಡಿದ್ದೇನು?' ಎರಡು ಉತ್ತರಗಳನ್ನು ಅಕ್ಕಪಕ್ಕ ಬರೆದ ಮಕ್ಕಳಲ್ಲಿ ಹೆಚ್ಚಿನವರು ಮೂರನೆಯ ವಾಕ್ಯವನ್ನು ತಾವಾಗಿಯೇ ಸೇರಿಸಿದ್ದರು. ಒಂದು ಪುಸ್ತಕದಲ್ಲಿ ಹೀಗಿತ್ತು: 'ಅವನು ಮಂದಿಗೆ ಕಲಿಸಿದ, ತಾನು ಕಲಿಯಲಿಲ್ಲ.' ಪಾಠ ಹೇಳುವುದನ್ನೇ ವೃತ್ತಿಯಾಗಿ ಆರಿಸಿಕೊಂಡ ನಮಗೆ ರಾಕ್ಷಸ ಪಂಡಿತನಾಗಿರುವುದು ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.