ಮೂರು ಅಂದ್ರೆ ನೂರಕ್ಕೆ ಮೂರು ಮಾರ್ಕ್ಸ್ ಅಲ್ಲ

ನಮ್ಮ ಭಾವಂಗೆ ಲಕ್ವ ಹೊಡೆದು ಆರು ತಿಂಗಳಾಯ್ತು. ಪುಣ್ಯಕ್ಕೆ ಕೈಕಾಲು ಸುಧಾರಿಸಿದ್ವು, ತೋಟದವರೆಗೂ ನಡೀತಾರೆ. ಆದ್ರೆ ಬೆಳಿಗ್ಗೆ ಮಾತಾಡಿದ್ದು ಮಧ್ಯಾಹ್ನಕ್ಕೆ ಕೇಳಿದ್ರೆ ಸುಮ್ಮನೆ ಮುಖ ನೋಡೋರು. ಅದಕ್ಕೇ ನಿಮ್ಹಾನ್ಸ್‌ಗೆ ಕರ್ಕೊಂಡೋಗಿ ಜ್ಞಾಪಕ, ಗಮನ, ಲೆಕ್ಕ ಎಲ್ಲದರ ಪರೀಕ್ಷೆ ಮಾಡಿಸಿದ್ರು. ರಿಪೋರ್ಟಲ್ಲಿ ಜ್ಞಾಪಕದ ಮುಂದೆ ‘ಪರ್ಸೆಂಟೈಲ್ 3’ ಅಂತಿತ್ತು. ಭಾವನ ಮಗ ಅದನ್ನ ಓದಿ, "ಅಪ್ಪಂಗೆ ನೂರಕ್ಕೆ ಮೂರೇ ಬಂದೈತೆ" ಅಂದ. ಅವತ್ತಿಂದ ಕೊಬ್ಬರಿ ಮಾರೋ ಮಾತು ಬಂದ್ರೆ ಯಾರೂ ಅವರನ್ನ ಕೇಳ್ಲಿಲ್ಲ. ಬ್ಯಾಂಕ್ ಖಾತೆ ಮಗನ ಹೆಸರಿಗೆ ಮಾಡಿಸೋಣ ಅನ್ನೋವರೆಗೂ ಹೋಯ್ತು. ಒಳಗೆ ಮಲಗಿದ್ದ ಭಾವಂಗೆ ಎಲ್ಲಾ ಕೇಳಿಸ್ತಿತ್ತು.

ಅಕ್ಕ ಬಿಡಲಿಲ್ಲ. ಪರೀಕ್ಷೆ ಮಾಡಿದ ಮೇಡಂನ ಕೇಳಿ, ಮನೆಯೋರಿಗೆ ಅರ್ಥ ಆಗೋ ಹಂಗೆ ಕನ್ನಡದಲ್ಲಿ ಎರಡು ಪುಟದ ಕಾಗದ ಬರೆಸ್ಕೊಂಡು ಬಂದ್ರು. ಜಗಲಿ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದ್ದು ನಾನೇ.

ಮೂರು ಅಂದ್ರೆ ಮಾರ್ಕ್ಸ್ ಅಲ್ವಂತೆ. ಭಾವನ ವಯಸ್ಸಿನ, ಅವರಷ್ಟೇ ಓದಿರೋ ನೂರು ಜನ ಗಂಡಸರನ್ನ ಸಾಲಾಗಿ ನಿಲ್ಲಿಸಿದ್ರೆ ಇವರ ಜಾಗ ಹಿಂದಿನಿಂದ ಮೂರನೇದು ಅಂತ ಅರ್ಥ. ಹದಿನೈದಕ್ಕಿಂತ ಕೆಳಗಿದ್ರೆ ತೊಂದರೆ ಇದೆ ಅಂತ ಲೆಕ್ಕ. ಈ ಅಳತೆ ನಮ್ಮ ಜನರನ್ನೇ ಪರೀಕ್ಷೆ ಮಾಡಿ 2004ರಲ್ಲಿ ನಿಮ್ಹಾನ್ಸ್‌ನೋರು ಪುಸ್ತಕ ಮಾಡಿದ್ದಂತೆ. ಹಂಗಾಗಿ ತೊಂದರೆ ಇರೋದು ನಿಜ. ಆದ್ರೆ ಎಂಥಾ ತೊಂದರೆ ಅನ್ನೋದನ್ನ ಆ ಒಂದು ಅಂಕಿ ಹೇಳಲ್ಲ.

ಮೇಡಂ ಅದನ್ನ ಹಿಂಗೆ ಬಿಡಿಸಿ ಬರೆದಿದ್ರು. ಹದಿನೈದು ಪದ ಓದಿ ಹೇಳಿ, ನೆನಪಿರೋದನ್ನ ಹೇಳಿ ಅಂತಾರೆ. ಹಿಂಗೆ ಐದು ಸಲ. ಭಾವ ಮೊದಲ ಸಲ ನಾಲ್ಕು ಹೇಳಿದ್ರು, ಐದನೇ ಸಲಕ್ಕೆ ಒಂಬತ್ತು. ಬೇರೆ ಕೆಲಸ ಕೊಟ್ಟು ಅರ್ಧ ಗಂಟೆ ಬಿಟ್ಟು ಕೇಳಿದ್ರೆ ಮೂರೇ ಪದ. ರಿಪೋರ್ಟಲ್ಲಿ ಎದ್ದು ಕಂಡಿದ್ದು ಇದು. ಆಮೇಲೆ ಒಂದೊಂದೇ ಪದ ಹೇಳಿ "ಇದು ಆಗ ಓದಿದ್ರಲ್ಲಿ ಇತ್ತಾ?" ಅಂದಾಗ ಹದಿನೈದರಲ್ಲಿ ಹದಿಮೂರನ್ನ ಗುರುತು ಹಿಡಿದ್ರು. ಅಂದ್ರೆ ಸಾಮಾನು ಅಟ್ಟದ ಮೇಲೇ ಐತೆ, ಹತ್ತಿ ಇಳಿಸಿಕೊಳ್ಳೋ ಏಣಿ ಸರಿಯಿಲ್ಲ. ಗುರುತೂ ಹಿಡೀದೆ ಹೋಗಿದ್ರೆ ಒಳಗೇ ಹೋಗಿಲ್ಲ ಅಂತಾಗೋದು, ಆಗ ಸುಳಿವು ಕೊಟ್ರೂ ಅಷ್ಟು ಉಪಯೋಗ ಇರ್ತಿರ್ಲಿಲ್ಲ.

ಅದಕ್ಕೇ "ವ್ಯಾಪಾರಿ ಏನಂದ?" ಅಂತ ಬರೀ ಬಾಯಿ ಬಿಟ್ಟು ಕೇಳ್ಬೇಡಿ, "ಉಂಡೆ ಕೊಬ್ಬರಿ ಮಾತಾ, ಎಳನೀರ ಮಾತಾ?" ಅಂತ ಎರಡು ಎಳೆ ಮುಂದಿಟ್ಟು ಕೇಳಿ ಅಂತ ಬರೆದಿದ್ರು. ಒಂದು ಎಚ್ಚರಿಕೆನೂ ಇತ್ತು. ಓದದೇ ಇದ್ದ ಎರಡು ಪದಕ್ಕೂ ಭಾವ ಹೂಂ ಅಂದಿದ್ರಂತೆ. "ಅವನು ದುಡ್ಡು ಕೊಟ್ಟ ಅಲ್ವಾ?" ಅಂತ ನಾವೇ ಉತ್ತರ ಬಾಯಿಗಿಟ್ರೆ ಹೂಂ ಅಂದುಬಿಡ್ತಾರೆ. ದುಡ್ಡಿನ ವಿಷಯ ನೋಟ್ ಪುಸ್ತಕದಲ್ಲಿ ಬರೆದಿಟ್ಟು ತಾಳೆ ನೋಡ್ಬೇಕು.

ಇನ್ನೊಂದು, ನಿಧಾನ. ಅಂಕಿಗೆ ಗುರುತು ಬರೆಯೋ ಪರೀಕ್ಷೆಯಲ್ಲಿ ಬಹಳ ಹೊತ್ತು ತಗೊಂಡ್ರು, ತಪ್ಪು ಮಾತ್ರ ಒಂದೇ. ನಾವು ಕೇಳಿ ಎರಡು ಉಸಿರಿಗೇ "ಗೊತ್ತಿಲ್ಲ ಬಿಡು" ಅಂತಿದ್ವಲ್ಲ, ಅದು ನಮ್ಮ ತಪ್ಪು. ಟೀವಿ ಆರಿಸಿ, ಒಂದೇ ಪ್ರಶ್ನೆ ಕೇಳಿ, ಸುಮ್ಮನೆ ಕಾಯ್ಬೇಕು.

ಸಹಿ ಹಾಕೋ ವಿಷಯಕ್ಕೆ ಮೇಡಂ ಖಡಾಖಂಡಿತವಾಗಿ ಬರೆದಿದ್ರು. ಈ ಅಂಕಿಯೊಂದನ್ನೇ ಹಿಡ್ಕೊಂಡು ಯಾರ ವ್ಯವಹಾರವನ್ನೂ ಕಿತ್ಕೊಳ್ಳೋ ಹಂಗಿಲ್ಲ. ಆ ಕಾಗದದಲ್ಲಿ ಏನಿದೆ, ಸಹಿ ಹಾಕಿದ್ರೆ ಏನಾಗುತ್ತೆ ಅಂತ ಅವರ ಬಾಯಲ್ಲೇ ಹೇಳಿಸಿ ನೋಡ್ಬೇಕು. ತೂಕ, ದರ, ಸಾಲ ಎಲ್ಲಾ ಒಟ್ಟಿಗೆ ಹೇಳಿದ್ರೆ ತಲೆಯಲ್ಲಿ ನಿಲ್ಲಲ್ಲ, ಒಂದೊಂದೇ ಹೇಳ್ಬೇಕು. ಅವತ್ತು ಅವರು ಸುಸ್ತಾಗಿದ್ರು, ಮನಸ್ಸೂ ಕುಗ್ಗಿತ್ತು, ಅದೂ ಸ್ವಲ್ಪ ಕೆಳಕ್ಕೆ ಎಳೆದಿರಬಹುದು. ವರ್ಷ ಕಳೆದ ಮೇಲೆ ಮತ್ತೆ ಕರ್ಕೊಂಡು ಬನ್ನಿ, ಬೇಗ ಬಂದ್ರೆ ಅದೇ ಪರೀಕ್ಷೆ ಅಭ್ಯಾಸವಾಗಿ ನಿಜ ಗೊತ್ತಾಗಲ್ಲ ಅಂತಿತ್ತು.

ಮೊನ್ನೆ ಅಟ್ಟದಲ್ಲಿ ಯಾವ ಕಾಯಿ ಮೊದಲು ಇಳಿಸೋದು ಅಂತ ಮಾತು ಬಂತು. ಮಗ ಭಾವನ ಪಕ್ಕ ಕೂತು, "ಅಪ್ಪ, ಮೊದಲು ಏರಿಸಿದ್ದು ಗೋಡೆ ಪಕ್ಕದ್ದಾ, ಬಾಗಿಲ ಪಕ್ಕದ್ದಾ?" ಅಂದ. ಸುಮ್ಮನೆ ಕಾದ. ನಾವೂ ಬಾಯಿ ಬಿಡ್ಲಿಲ್ಲ. ಸುಮಾರು ಹೊತ್ತಾದ ಮೇಲೆ, "ಗೋಡೆ ಪಕ್ಕದ್ದು. ಅಲುಗಾಡಿಸಿ ನೋಡು, ಗಡಗಡ ಅಂತದೆ" ಅಂದ್ರು. ಮಗ ಹತ್ತಿ ಒಂದು ಕಾಯಿ ಅಲುಗಾಡಿಸಿದ. ಗಡಗಡ ಅಂತು.

ಸಂಜೆಗೆ ಅದನ್ನೇ ಮತ್ತೆ, "ಕಾಯಿ ಇಳಿಸಿದ್ರಾ?" ಅಂತ ಎರಡು ಸಲ ಕೇಳಿದ್ರು. ಅಕ್ಕ ಎರಡು ಸಲನೂ ಹೂಂ ಕಣ್ರೀ ಅಂದ್ರು.