ನೆಟ್‌ವರ್ಕ್ ಬಯ್ಯುವ ಮೊದಲು ಹೊಸ್ತಿಲ ಹತ್ತಿರ ಬನ್ನಿ

ವಿಡಿಯೊ ಕಾಲ್‌ನಲ್ಲಿ ಮುಖ ಮಸುಕಾಗಿ ಕಂಡರೆ ಗಲಗಲಿಯಲ್ಲಿ ಎಲ್ಲರೂ ಮೊದಲು ಬಯ್ಯುವುದು ನೆಟ್‌ವರ್ಕ್‌ಗೆ. ಆಮೇಲೆ ಮೊಬೈಲ್‌ಗೆ. ಮನೆಯೊಳಗಿನ ಕತ್ತಲೆಯನ್ನು ಯಾರೂ ಬಯ್ಯುವುದಿಲ್ಲ. ಸುದ್ದಿಗಾಗಿ ಮೊಬೈಲ್‌ನಲ್ಲೇ ವಿಡಿಯೊ ಮಾಡಿ ಕಳಿಸುವ ಕೆಲಸ ನನ್ನದು. ಹಾಗಾಗಿ ಓಣಿಯಲ್ಲಿ ಯಾರದಾದರೂ ಕಾಲ್ ಸರಿ ಕಾಣದಿದ್ದರೆ ನನಗೆ ಕರೆ ಬರುತ್ತದೆ. ಹೋಗಿ ನೋಡಿದರೆ ಹೆಚ್ಚಿನ ಸಲ ತಪ್ಪು ಟವರಿನದಲ್ಲ, ಬೆಳಕಿನದು.

ಪುಣೆಯಲ್ಲಿರುವ ಮಗನ ಜೊತೆ ಮಾತಾಡುವಾಗ ಮುಖ ಸ್ವಲ್ಪ ಮಸುಕಾದರೆ ಏನೂ ಕೆಡುವುದಿಲ್ಲ, ದನಿ ಕೇಳಿದರೆ ಸಾಕು. ಆದರೆ ಈಗ ಆ ಕಡೆ ಡಾಕ್ಟರೂ ಕೂತಿರುತ್ತಾರೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಮರು ತಿಂಗಳೇ ಮನೆಯಿಂದ ನೇರವಾಗಿ ಡಾಕ್ಟರ ಜೊತೆ ಮಾತಾಡುವ ಇ-ಸಂಜೀವಿನಿ ಸೇವೆಯೂ ಬಂತು. ಅಲ್ಲಿ ಡಾಕ್ಟರಿಗೆ ಬೇಕಾದದ್ದು ಚಂದದ ಮುಖವಲ್ಲ, ಖರೆ ಬಣ್ಣ.

ಒಂದು ಪ್ರಸಂಗ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಪಕ್ಕದ ಓಣಿಯ ಹುಡುಗನೊಬ್ಬನಿಗೆ ನಾಲ್ಕು ದಿನದಿಂದ ಊಟ ಸೇರುತ್ತಿರಲಿಲ್ಲ, ಮೂತ್ರ ಗಾಢ ಬಣ್ಣಕ್ಕೆ ತಿರುಗಿತ್ತು. ಮನೆಯವರು ಮೊಬೈಲ್‌ನಲ್ಲಿ ಡಾಕ್ಟರಿಗೆ ತೋರಿಸುತ್ತಿದ್ದರು. ಸಂಜೆ ನಾಲ್ಕೂವರೆ ಆಗಿರಬೇಕು. ಅವನ ತಾಯಿ ಬಾಗಿಲಿಗೆ ಬಂದು, “ತಮ್ಮಾ, ಡಾಕ್ಟರಿಗೆ ಕಣ್ಣ ನೆಟ್ಟಗ ಕಾಣವಲ್ದಂತ, ಒಂದೀಟ ಬಂದ ನೋಡಪಾ” ಅಂದರು.

ಅದು ಹಳೆಯ ಮಣ್ಣಿನ ಮೇಲ್ಮುದ್ದೆ ಮನೆ. ನಮ್ಮ ಕಡೆ ಇಂಥ ಮನೆಗಳು ಬಿಸಿಲಿಗೆ ತಂಪು, ಆದರೆ ಕಿಟಕಿ ಕಡಿಮೆ. ಬೆಳಕು ಬರುವುದು ತಲೆಬಾಗಿಲಿನಿಂದ ಮತ್ತು ಮೇಲಿನ ಬೆಳಕಿಂಡಿಯಿಂದ ಮಾತ್ರ. ಹುಡುಗ ಒಳಕೋಣೆಯಲ್ಲಿ ಮಲಗಿದ್ದ. ಗೋಡೆಗೆ ಹಸಿರು ಬಣ್ಣ, ಎದುರು ಗೋಡೆಯ ಮೇಲೆ 9 ವ್ಯಾಟ್‌ನ ಹಳದಿ ಬೆಳಕಿನ ಎಲ್‌ಇಡಿ ಬಲ್ಬ್. ಡಾಕ್ಟರ್ ಮತ್ತೆ ಮತ್ತೆ ಕೇಳುತ್ತಿದ್ದರು: “ಕಣ್ಣಿನ ಬಿಳಿ ಭಾಗ ಹಳದಿ ಆಗಿದೆಯಾ? ನನಗೆ ಇಲ್ಲಿ ಇಡೀ ಮುಖವೇ ಹಳದಿ ಕಾಣ್ತಿದೆ.”

ಕಾಮಣಿ, ಅಂದರೆ ಕಾಮಾಲೆ, ಮೊದಲು ಚೆನ್ನಾಗಿ ಕಾಣುವುದು ಕಣ್ಣಿನ ಬಿಳಿ ಭಾಗದಲ್ಲಿ. ಅದನ್ನು ಹಗಲು ಬೆಳಕಿನಲ್ಲೇ ನೋಡಬೇಕು, ಹಳದಿ ದೀಪದಲ್ಲಿ ಮೋಸವಾಗುತ್ತದೆ ಎಂದು ಡಾಕ್ಟರ್ ಓದುವವರಿಗೆ ಮೊದಲಿನಿಂದಲೂ ಕಲಿಸುತ್ತಾರೆ. ಕಣ್ಣಿಗೇ ಮೋಸವಾಗುವ ಕಡೆ ಕ್ಯಾಮೆರಾಕ್ಕೆ ಇನ್ನೂ ಹೆಚ್ಚು ಮೋಸ.

ನಾನು ಮೊದಲು ನೋಡಿದ್ದು ಸ್ಕ್ರೀನಿನ ಮೂಲೆಯ ಸಣ್ಣ ಚೌಕ, ನಮ್ಮ ಮುಖ ನಮಗೇ ಕಾಣುವ ಜಾಗ. ಆ ಚಿತ್ರ ನೆಟ್‌ವರ್ಕ್ ದಾಟಿ ಬಂದದ್ದಲ್ಲ, ನಮ್ಮ ಕ್ಯಾಮೆರಾದಿಂದ ನೇರವಾಗಿ ಬರುವಂಥದ್ದು. ಅದು ಸ್ವಚ್ಛವಾಗಿದ್ದು ಆ ಕಡೆಯವರಿಗೆ ಮಾತ್ರ ಮುಖ ಚೌಕ ಚೌಕವಾಗಿ ಒಡೆದು ಕಂಡರೆ ತಪ್ಪು ನೆಟ್‌ವರ್ಕಿನದು. ಆ ಚೌಕದಲ್ಲೇ ಉಸುಕು ತೂರಿದಂತೆ ಚುಕ್ಕಿ ಕುಣಿಯುತ್ತಿದ್ದರೆ, ತಲೆ ಅಲ್ಲಾಡಿಸಿದಾಗ ಮುಖ ಹಿಂದೆ ಎಳೆದಂತೆ ಕಂಡರೆ ತಪ್ಪು ಬೆಳಕಿನದು. ಅಲ್ಲಿ ಉಸುಕು ಕುಣಿಯುತ್ತಿತ್ತು.

ಈ ಉಸುಕು ಎಲ್ಲಿಂದ ಬರುತ್ತದೆ? ಮೊಬೈಲ್ ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಒಂದು ಚಿಪ್ ಇರುತ್ತದೆ, ಅದಕ್ಕೆ ಸೆನ್ಸರ್ ಅನ್ನುತ್ತಾರೆ. ಸಾಮಾನ್ಯ ಮೊಬೈಲ್‌ನ ಮುಂದಿನ ಕ್ಯಾಮೆರಾದಲ್ಲಿ, ಲ್ಯಾಪ್‌ಟಾಪ್‌ನ ವೆಬ್‌ಕ್ಯಾಮ್‌ನಲ್ಲಿ ಅದು ಹೆಚ್ಚುಕಡಿಮೆ ಒಂದು ಜೋಳದ ಕಾಳಿನಷ್ಟು. ಮದುವೆ ಫೋಟೊ ತೆಗೆಯುವವರ ದೊಡ್ಡ ಕ್ಯಾಮೆರಾಗಳಲ್ಲಿ ಅದು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದವರೆಗೂ ಇರುತ್ತದೆ. ಮಳೆಯಲ್ಲಿ ಲೋಟ ಇಟ್ಟವನಿಗೂ ಪರಾತ ಇಟ್ಟವನಿಗೂ ಸಿಗುವ ನೀರು ಒಂದೇ ಅಲ್ಲವಲ್ಲ, ಬೆಳಕಿನ ಲೆಕ್ಕವೂ ಹಾಗೆಯೇ. ಕಾಳಿನಷ್ಟು ಸೆನ್ಸರ್ ಮೇಲೆ ಬೀಳುವ ಬೆಳಕು ಕಡಿಮೆಯಾದಾಗ ಮೊಬೈಲ್ ಇದ್ದಷ್ಟನ್ನೇ ಹಿಗ್ಗಿಸಿ ತೋರಿಸುತ್ತದೆ. ಹಳೆ ರೇಡಿಯೊದಲ್ಲಿ ಸ್ಟೇಷನ್ ಸಿಗದೆ ದನಿ ಏರಿಸಿದರೆ ಹಾಡಿನ ಜೊತೆ ಗೊರಗೊರ ಸದ್ದೂ ಏರುತ್ತಿತ್ತು. ಚಿತ್ರದಲ್ಲಿ ಆ ಗೊರಗೊರವೇ ಉಸುಕು.

ವಿಡಿಯೊಗೆ ಇನ್ನೊಂದು ಕಟ್ಟಳೆ ಇದೆ. ಸೆಕೆಂಡಿಗೆ 30 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸೆಕೆಂಡಿನ ಮೂವತ್ತನೇ ಒಂದು ಪಾಲಿಗಿಂತ ಹೆಚ್ಚು ಹೊತ್ತು ಬೆಳಕು ತುಂಬಿಸಿಕೊಳ್ಳಲು ಆಗುವುದಿಲ್ಲ. ಕತ್ತಲಲ್ಲಿ ಮೊಬೈಲ್ ಚಿತ್ರಗಳ ಸಂಖ್ಯೆಯನ್ನು 15ಕ್ಕೋ ಇನ್ನೂ ಕೆಳಗೋ ಇಳಿಸಿ, ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮುಖ ಅಲ್ಲಾಡಿದಾಗ ಎಳೆದಂತೆ ಕಾಣುವುದು ಅದಕ್ಕೇ. ನಾವು ಅದನ್ನು “ನೆಟ್ ಸ್ಲೋ ಐತಿ” ಅನ್ನುತ್ತೇವೆ.

ಹಾಗಂತ ನೆಟ್‌ವರ್ಕಿಗೂ ಬೆಳಕಿಗೂ ಸಂಬಂಧವೇ ಇಲ್ಲ ಅಂತಲ್ಲ. ವಿಡಿಯೊ ಕಳಿಸುವಾಗ ಮೊಬೈಲ್ ಪ್ರತಿ ಚಿತ್ರವನ್ನೂ ಪೂರ್ತಿ ಕಳಿಸುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅದನ್ನು ಮಾತ್ರ ಕಳಿಸುತ್ತದೆ. ಹಿಂದಿನ ಗೋಡೆ ಅಲ್ಲಾಡುವುದಿಲ್ಲ, ಆದ್ದರಿಂದ ಅದಕ್ಕೆ ಖರ್ಚಿಲ್ಲ. ಆದರೆ ಕತ್ತಲಲ್ಲಿ ಗೋಡೆಯ ಮೇಲೂ ಉಸುಕು ಕುಣಿಯುತ್ತಿರುತ್ತದೆ. ಮೊಬೈಲ್ ಅದನ್ನೂ ಬದಲಾವಣೆ ಎಂದು ತಿಳಿದು, ಇರುವ ಅಷ್ಟಿಷ್ಟು ನೆಟ್ ಅನ್ನು ಗೋಡೆಯ ಉಸುಕಿಗೆ ಖರ್ಚು ಮಾಡುತ್ತದೆ, ಮುಖಕ್ಕೆ ಕಡಿಮೆ ಉಳಿಯುತ್ತದೆ. ಬೆಳಕು ಹೆಚ್ಚಾದರೆ ಅದೇ ಟವರ್, ಅದೇ ಸಿಮ್‌ನಲ್ಲಿ ಚಿತ್ರ ಸುಧಾರಿಸುವುದು ಈ ಕಾರಣಕ್ಕೆ.

ಅಲ್ಲಿ ಮಾಡಿದ್ದು ನಾಲ್ಕೇ ಕೆಲಸ. ಮೊದಲನೆಯದು, ಕ್ಯಾಮೆರಾದ ಗಾಜನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದೆ. ಕೆನ್ನೆಯ ಎಣ್ಣೆ ಮುಂದಿನ ಕ್ಯಾಮೆರಾಕ್ಕೆ ಮೆತ್ತಿಕೊಂಡು ಮಂಜಿನಂತೆ ಕಾಣುತ್ತದೆ.

ಎರಡನೆಯದು, ಹುಡುಗನನ್ನು ತಲೆಬಾಗಿಲಿಗೆ ಕರೆತಂದು ಹೊಸ್ತಿಲ ಒಳಗೆ, ಹೊರಗೆ ಮುಖ ಮಾಡಿ ಕೂರಿಸಿದೆವು. ಮೋಡ ಕವಿದಿತ್ತು, ಆದರೂ ಅಡ್ಡಿಯಿಲ್ಲ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಆ ಒಳಕೋಣೆಯಂಥ ಜಾಗದಲ್ಲಿ ಒಂದು ಬಲ್ಬ್‌ನಿಂದ ಮುಖಕ್ಕೆ ಸಿಗುವುದು ಅಂದಾಜು 50 ಲಕ್ಸ್. ಮೋಡ ಇದ್ದರೂ ತೆರೆದ ಬಾಗಿಲ ಬಳಿ ಸಾವಿರ ಲಕ್ಸ್ ಸುಲಭವಾಗಿ ಸಿಗುತ್ತದೆ. ಇಪ್ಪತ್ತು ಪಟ್ಟು ಬೆಳಕು, ಒಂದು ಪೈಸೆ ಖರ್ಚಿಲ್ಲದೆ. ಬೆನ್ನು ಬಾಗಿಲಿಗೆ ಮಾಡಿ ಮಾತ್ರ ಕೂರಬಾರದು. ಕ್ಯಾಮೆರಾ ಹಿಂದಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪು ಮಾಡುತ್ತದೆ. ಬೆಳಕಿಂಡಿಯ ಕೆಳಗೂ ಬೇಡ, ಮೇಲಿನಿಂದ ಬೀಳುವ ಬೆಳಕಿಗೆ ಕಣ್ಣಿನ ಗುಳಿ ನೆರಳಾಗುತ್ತದೆ. ನಮಗೆ ಬೇಕಾದದ್ದು ಕಣ್ಣೇ ಅಲ್ಲವೇ?

ಮೂರನೆಯದು, ಬಲ್ಬ್ ಆರಿಸಿದೆವು. “ಇರೂ ಲೈಟ್ ಯಾಕ ತಗೀತಿ?” ಎಂದು ಅವನ ಕಾಕಾ ಕೇಳಿದರು. ಸೆನ್ಸರಿನ ಮೇಲೆ ಕೆಂಪು, ಹಸಿರು, ನೀಲಿ ಬಣ್ಣದ ಬಲು ಸಣ್ಣ ಗಾಜಿನಂಥ ಪದರಗಳಿರುತ್ತವೆ. ಸಾಮಾನ್ಯವಾಗಿ ನಾಲ್ಕು ಚುಕ್ಕಿಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಒಂದು ವಸ್ತು ಹಳದಿ ಕಾಣುತ್ತದೆ ಅಂದರೆ ಅದರಿಂದ ನೀಲಿ ಬೆಳಕು ಕಡಿಮೆ ಬರುತ್ತಿದೆ ಎಂದರ್ಥ. ಹಳದಿ ಬಲ್ಬ್‌ನಲ್ಲಿ ನೀಲಿ ಮೊದಲೇ ಕಡಿಮೆ. ಹಾಗಾದರೆ ಕಣ್ಣಿನಿಂದ ನೀಲಿ ಬರಲಿಲ್ಲವೋ, ಬಲ್ಬ್‌ನಿಂದಲೇ ಬರಲಿಲ್ಲವೋ ಎಂದು ಕ್ಯಾಮೆರಾ ಹೇಗೆ ಹೇಳಬೇಕು? ಅದು ತನ್ನಷ್ಟಕ್ಕೆ ಬಣ್ಣ ಸರಿಮಾಡಲು ನೋಡುತ್ತದೆ. ಒಂದೇ ಬಗೆಯ ಬೆಳಕಿದ್ದರೆ ತಕ್ಕಮಟ್ಟಿಗೆ ಸರಿ ಬರುತ್ತದೆ. ಒಂದು ಕೆನ್ನೆಗೆ ಬಲ್ಬ್, ಇನ್ನೊಂದಕ್ಕೆ ಹಗಲು ಬಿದ್ದರೆ ಎರಡನ್ನೂ ಒಟ್ಟಿಗೆ ಸರಿಮಾಡಲು ಆಗುವುದಿಲ್ಲ. ಹಸಿರು ಗೋಡೆ, ಹಳದಿ ಸೀರೆ ಹತ್ತಿರವಿದ್ದರೂ ಅವುಗಳ ಬಣ್ಣ ಮುಖಕ್ಕೆ ತಾಗುತ್ತದೆ. ಕೆನ್ನೆಗೆ ಅರಿಷಿಣ ಹಚ್ಚಿಕೊಂಡವರಂತೂ ಡಾಕ್ಟರಿಗೆ ತೋರಿಸುವ ಮುಂಚೆ ಮುಖ ತೊಳೆಯುವುದೇ ಒಳ್ಳೆಯದು.

ನಾಲ್ಕನೆಯದು, ಮಕ್ಕಳ ನೋಟ್‌ಬುಕ್ಕಿನ ಗೆರೆಯಿಲ್ಲದ ಬಿಳಿ ಹಾಳೆಯನ್ನು ಕಣ್ಣಿನ ಪಕ್ಕ ಕೆನ್ನೆಗೆ ತಾಗಿಸಿ ಹಿಡಿದೆವು. ಹಾಳೆಯೂ ಹಳದಿ ಕಂಡರೆ ಅದು ಬೆಳಕಿನ ಬಣ್ಣ. ಹಾಳೆ ಬೆಳ್ಳಗಿದ್ದು ಕಣ್ಣು ಮಾತ್ರ ಹಳದಿ ಕಂಡರೆ ಅದು ಕಣ್ಣಿನ ಬಣ್ಣ. ಕಾಲ್‌ನಲ್ಲಿ ಹಿಂದಿನ ಕ್ಯಾಮೆರಾಕ್ಕೆ ಬದಲಿಸಿ ಕಾಕಾ ಅವರ ಕೈಗೆ ಮೊಬೈಲ್ ಕೊಟ್ಟೆ, ಹಿಂದಿನ ಕ್ಯಾಮೆರಾದ ಸೆನ್ಸರ್ ಸಾಮಾನ್ಯವಾಗಿ ಮುಂದಿನದಕ್ಕಿಂತ ದೊಡ್ಡದು. ಹುಡುಗ ಕೆಳಗೆ ನೋಡಿದ, ತಾಯಿ ಮೇಲಿನ ರೆಪ್ಪೆ ಎತ್ತಿ ಹಿಡಿದರು. ಡಾಕ್ಟರ್ ಕೂಡಲೇ, “ಹಾಂ, ಈಗ ಕಾಣ್ತು. ಹಳದಿ ಇದೆ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ” ಅಂದರು. ಪರೀಕ್ಷೆಯಲ್ಲಿ ಕಾಮಣಿ ಇರುವುದು ಖಾತ್ರಿಯಾಯಿತು.

“ಇದಕ್ಕ ಆ್ಯಪ್‌ನ್ಯಾಗ ಏನೂ ಇಲ್ಲೇನು?” ಎಂದು ಹುಡುಗರು ಕೇಳುತ್ತಾರೆ. ಇದೆ. ವಾಟ್ಸ್‌ಆ್ಯಪ್ 2024ರ ಅಕ್ಟೋಬರ್‌ನಲ್ಲಿ ವಿಡಿಯೊ ಕಾಲ್‌ಗೆ `Low light` ಮತ್ತು `Touch up` ಎಂಬ ಎರಡು ಆಯ್ಕೆ ತಂದಿತು. ಮೊದಲನೆಯದು ಕತ್ತಲ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ರಾತ್ರಿ ನೆಂಟರ ಜೊತೆ ಮಾತಾಡಲು ಅದು ಉಪಯೋಗವೇ. ಆದರೆ ಸೆನ್ಸರಿಗೆ ಬಾರದ ಬೆಳಕನ್ನು ಅದು ತರಲಾರದು, ಬಂದದ್ದನ್ನೇ ಹಿಗ್ಗಿಸುತ್ತದೆ. ಹಿಗ್ಗಿದ ಉಸುಕನ್ನು ಅಳಿಸಲು ಸಾಫ್ಟ್‌ವೇರ್ ಪಕ್ಕಪಕ್ಕದ ಚುಕ್ಕಿಗಳನ್ನು ಕಲೆಸಿ ನುಣ್ಣಗೆ ಮಾಡುತ್ತದೆ. ಯಾವುದು ಉಸುಕು, ಯಾವುದು ಚರ್ಮದ ಮೇಲಿನ ಗುಳ್ಳೆ ಎಂಬುದು ಅದಕ್ಕೆ ಯಾವಾಗಲೂ ತಿಳಿಯುವುದಿಲ್ಲ. `Touch up` ಇರುವುದಂತೂ ಚರ್ಮವನ್ನು ನಯ ಮಾಡಲೆಂದೇ. ಮಗುವಿನ ಮೈಮೇಲೆ ಎದ್ದ ಸಣ್ಣ ದದ್ದು ತೋರಿಸಬೇಕಾದಾಗ ಇವೆರಡನ್ನೂ, ಬ್ಯೂಟಿ ಫಿಲ್ಟರ್ ಇದ್ದರೆ ಅದನ್ನೂ ತೆಗೆದಿಡಿ. ಆಮೇಲೂ ಕಾಲ್‌ನಲ್ಲಿ ಕಾಣದಿದ್ದರೆ ಅದೇ ಹೊಸ್ತಿಲ ಬೆಳಕಿನಲ್ಲಿ ಹಿಂದಿನ ಕ್ಯಾಮೆರಾದಿಂದ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದು `HD` ಒತ್ತಿ ಕಳಿಸಿ. ಅಲ್ಲಾಡದ ಫೋಟೊದಲ್ಲಿ ವಿಡಿಯೊಗಿಂತ ಹೆಚ್ಚು ವಿವರ ಉಳಿಯುತ್ತದೆ.

ರಾತ್ರಿಯಾಗಿದ್ದರೆ ಹೊಸ್ತಿಲು ಉಪಯೋಗಕ್ಕೆ ಬಾರದು. ಆಗ ಬಿಳಿ ಬೆಳಕಿನ ಬಲ್ಬ್ ಅಥವಾ ಟ್ಯೂಬ್‌ಲೈಟ್ ಇರುವ ಕಡೆ ಕೂತು, ಮುಖವನ್ನು ಅದಕ್ಕೆ ಹತ್ತಿರ ತನ್ನಿ. ಬಲ್ಬ್‌ನಿಂದ ಎರಡು ಮೀಟರ್ ದೂರವಿದ್ದವರು ಒಂದು ಮೀಟರಿಗೆ ಬಂದರೆ ಅದರಿಂದ ನೇರವಾಗಿ ಬೀಳುವ ಬೆಳಕು ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಇಷ್ಟು ಮಾಡಿದರೆ ಮುಖ ಚೆನ್ನಾಗಿ ಕಾಣುತ್ತದೆ, ಆದರೆ ಹಳದಿ ಬಣ್ಣದ ತೀರ್ಮಾನಕ್ಕೆ ಅದನ್ನು ನಂಬಬೇಡಿ.

ಇನ್ನು ಎಷ್ಟೇ ಬೆಳಕಿದ್ದರೂ ವಿಡಿಯೊಗೆ ಮೀರಿದ್ದು ಇದ್ದೇ ಇರುತ್ತದೆ. ಕಣ್ಣು ಹಳದಿ ಆಗಿದೆ ಎಂದು ಕ್ಯಾಮೆರಾ ತೋರಿಸಬಹುದು, ಎಷ್ಟು ಏರಿದೆ ಎಂದು ಹೇಳುವುದು ರಕ್ತ ಪರೀಕ್ಷೆ ಮಾತ್ರ. ವಿಡಿಯೊ ಸಾಲದು, ಖುದ್ದು ಬನ್ನಿ ಎಂದು ಡಾಕ್ಟರ್ ಹೇಳಬಹುದೆಂದು 2020ರ ಆ ಮಾರ್ಗಸೂಚಿಯಲ್ಲೇ ಇದೆ. ಹುಟ್ಟಿ ಕೆಲವೇ ದಿನದ ಕೂಸು ಹಳದಿ ಕಂಡರೆ ಹಾಳೆ ಹುಡುಕುತ್ತ, ಕಾಲ್ ಹಚ್ಚುತ್ತ ಕೂರಬೇಡಿ, ಗಾಡಿ ಹತ್ತಿ.